ಸರಿಯಾದ ಸ್ಪೆಲಿಂಗ್ ಎಂಬ ತಪ್ಪು ಪ್ರಶ್ನೆ

ಜಯನಗರ, ಬನಶಂಕರಿ ಕಡೆಯ ಯಾವುದೇ ಸೈಬರ್ ಸೆಂಟರಿನಲ್ಲಿ, ಬೆಂಗಳೂರು ಒನ್ ಕೇಂದ್ರದಲ್ಲಿ ಅಥವಾ ಶಾಲೆಯ ಅಡ್ಮಿಷನ್ ಕೌಂಟರಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಮಾತುಕತೆ ಕಿವಿಗೆ ಬಿದ್ದೇ ಬೀಳುತ್ತದೆ. ಫಾರಂ ತುಂಬುವವರು ಹೆಸರು ಕೇಳುತ್ತಾರೆ. ಎದುರಿಗಿದ್ದವರು ‘ಸವಿತಾ’ ಎನ್ನುತ್ತಾರೆ. ‘ಸ್ಪೆಲಿಂಗ್ ಹೇಳಿ ಮೇಡಂ’ ಎಂದರೆ ‘ಅದೇ, ಸವಿತಾ ಅಂತ, ಸರಿಯಾಗಿ ಬರ್ಕೊಳ್ಳಿ’ ಎಂಬ ಉತ್ತರ ಬರುತ್ತದೆ. ಬರೆಯುವವರು ತಮಗೆ ಸರಿ ಕಂಡದ್ದನ್ನು ಒತ್ತುತ್ತಾರೆ. ಆ ಕ್ಷಣದಲ್ಲಿ ಇಬ್ಬರಿಗೂ ಅನುಮಾನವಿರುವುದಿಲ್ಲ. ಕನ್ನಡದ ಒಂದು ಹೆಸರಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಸರಿಯಾದ ಒಂದು ರೂಪ ಇದೆ, ಓದು ಬಲ್ಲವರಿಗೆ ಅದು ಗೊತ್ತಿರುತ್ತದೆ ಎಂಬುದು ಇಬ್ಬರ ನಂಬಿಕೆಯೂ ಹೌದು. ಈ ನಂಬಿಕೆಯೇ ಗೊಂದಲದ ಮೂಲ ಎಂಬುದು ನನ್ನ ವಾದ.

ಮೊದಲು ಆ ನಂಬಿಕೆಯನ್ನು ಅದರ ಪರವಾಗಿಯೇ ಹೇಳಿಬಿಡೋಣ, ಏಕೆಂದರೆ ಅದು ಬರೀ ಅಜ್ಞಾನದಿಂದ ಹುಟ್ಟಿದ್ದಲ್ಲ. ಕನ್ನಡ ಬರಹ ನಮಗೆ ಕಲಿಸಿರುವ ಶಿಸ್ತೇ ಅಂಥದ್ದು: ಉಚ್ಚರಿಸಿದ ಹಾಗೆ ಬರೆ, ಬರೆದ ಹಾಗೆ ಓದು. ‘ಸವಿತಾ’ ಎಂಬುದನ್ನು ಕನ್ನಡದಲ್ಲಿ ಬರೆಯಲು ಒಂದೇ ದಾರಿ. ಬೇರೆ ರೀತಿ ಬರೆದರೆ ಅದು ಬೇರೆ ಹೆಸರಾಗುತ್ತದೆ, ಇಲ್ಲವೇ ತಪ್ಪಾಗುತ್ತದೆ. ಇತ್ತ ಇಂಗ್ಲಿಷ್ ಕಲಿಸಿದ ಶಾಲೆಯೂ ಪ್ರತಿ ಪದಕ್ಕೆ ಒಂದೇ ಸ್ಪೆಲಿಂಗ್ ಎಂದು ಹೇಳಿ, ಒಂದಕ್ಷರ ಬಿಟ್ಟರೆ ಅಂಕ ಕಳೆದಿದೆ. ಎರಡು ಭಾಷೆಗಳ ಎರಡು ಕಟ್ಟುನಿಟ್ಟುಗಳ ನಡುವೆ ಬೆಳೆದವರು, ಹೆಸರು ಒಂದರಿಂದ ಇನ್ನೊಂದಕ್ಕೆ ದಾಟುವಾಗಲೂ ಅದೇ ಕಟ್ಟುನಿಟ್ಟು ಇರುತ್ತದೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಮೇಲಾಗಿ ಬ್ಯಾಂಕು, ಪಾಸ್‌ಪೋರ್ಟ್ ಕಚೇರಿ, ತೆರಿಗೆ ಇಲಾಖೆ ಎಲ್ಲವೂ ‘ಸ್ಪೆಲಿಂಗ್ ತಪ್ಪಿದೆ’ ಎಂಬ ಮಾತನ್ನೇ ಆಡುತ್ತವೆ. ತಪ್ಪು ಎಂಬುದೊಂದು ಇದ್ದರೆ ಸರಿ ಎಂಬುದೂ ಇರಬೇಕಲ್ಲ!

ಆದರೆ ದಾಟುವ ಜಾಗದಲ್ಲಿ ಆ ಕಟ್ಟುನಿಟ್ಟು ಇಲ್ಲ. ಫಾರಂ ನಮಗೆ ಕೊಡುವುದು ಇಪ್ಪತ್ತಾರು ಅಕ್ಷರ. ಗೆರೆ, ಚುಕ್ಕಿ ಹಾಕಿ ದೀರ್ಘವನ್ನೋ ಮೂರ್ಧನ್ಯವನ್ನೋ ತೋರಿಸಲು ಅವಕಾಶವಿಲ್ಲ. ಅಂದರೆ ತ, ಥ, ಟ, ಠ ಎಂಬ ನಾಲ್ಕು ಬೇರೆ ಬೇರೆ ಅಕ್ಷರಗಳನ್ನು t, h ಎಂಬ ಎರಡರಿಂದಲೇ ನಿಭಾಯಿಸಬೇಕು. ಇದನ್ನು ನಿಭಾಯಿಸುವ ಎರಡು ಪದ್ಧತಿಗಳು ನಮ್ಮ ರಾಜ್ಯದೊಳಗೇ ಇವೆ. ಹಳೆಯ ಮೈಸೂರಿನ ಕಡೆ, ಹಾಗೆಯೇ ತಮಿಳು, ತೆಲುಗು, ಮಲಯಾಳ ನಾಡುಗಳಲ್ಲಿ, t ಎಂದರೆ ಟ, th ಎಂದರೆ ತ. ಇಂಗ್ಲಿಷರ t ನಮ್ಮ ಕಿವಿಗೆ ಟಕಾರದ ಹಾಗೆ ಕೇಳುವುದರಿಂದ, ಹಲ್ಲಿಗೆ ನಾಲಿಗೆ ತಾಗುವ ತಕಾರಕ್ಕೆ ಒಂದು h ಸೇರಿಸಿಕೊಳ್ಳುವುದು ಇಲ್ಲಿ ಸಹಜವಾಗಿದೆ. ಹುಬ್ಬಳ್ಳಿ, ಬೆಳಗಾವಿಯ ಕಡೆ, ಮರಾಠಿ ಮತ್ತು ಹಿಂದಿಯವರ ಹಾಗೆ, t ಎಂದರೆ ತ. Th ಎಂಬುದು ಥಕಾರಕ್ಕೆ ಮೀಸಲು. ಒಂದರಲ್ಲಿ Savitha, ಇನ್ನೊಂದರಲ್ಲಿ Savita. ಎರಡಕ್ಕೂ ಅದರದರ ತರ್ಕವಿದೆ, ಎರಡಕ್ಕೂ ಅದರದರ ಕೊರತೆಯೂ ಇದೆ. ಮೊದಲನೆಯದು ತ, ಥಗಳನ್ನು ಒಂದು ಮಾಡುತ್ತದೆ. ತಮಿಳಿನಲ್ಲಿ ಮಹಾಪ್ರಾಣಕ್ಕೆ ಪ್ರತ್ಯೇಕ ಅಕ್ಷರವಿಲ್ಲದ್ದರಿಂದ ಅಲ್ಲಿ ಅದು ನಷ್ಟವೇ ಅಲ್ಲ, ಕನ್ನಡದಲ್ಲಿ ನಷ್ಟ. ಎರಡನೆಯದು ತ, ಟಗಳನ್ನು ಒಂದು ಮಾಡುತ್ತದೆ.

ಎರಡೂ ಪದ್ಧತಿಗಳು ಅಕ್ಕಪಕ್ಕದಲ್ಲೇ ಬದುಕಿರುವುದನ್ನು ನೋಡಲು ದಕ್ಷಿಣ ಬೆಂಗಳೂರು ಬಿಟ್ಟು ಹೋಗಬೇಕಾಗಿಲ್ಲ. ಹಸಿರು ಮಾರ್ಗದ ಮೆಟ್ರೊ ನಿಲ್ದಾಣ Thalaghattapura ದಕ್ಷಿಣದ ಪದ್ಧತಿಯನ್ನು ಅಚ್ಚುಕಟ್ಟಾಗಿ ಪಾಲಿಸುತ್ತದೆ: ಮೊದಲ ತಕಾರಕ್ಕೆ th, ನಡುವಿನ ಟ್ಟಕ್ಕೆ tt. ಬಿಟಿಎಂ ಬಡಾವಣೆಯ ನಡುವಿನ ಅಕ್ಷರವಾದ ತಾವರೆಕೆರೆ ಮಾತ್ರ Tavarekere ಎಂದೂ Thavarekere ಎಂದೂ ಓಡಾಡುತ್ತದೆ. ಅದೃಷ್ಟಕ್ಕೆ ಸಂಕ್ಷೇಪದಲ್ಲಿ ಎರಡೂ T. ಕತ್ರಿಗುಪ್ಪೆಯ ಅಂಗಡಿ ಬೋರ್ಡುಗಳಲ್ಲಿ Kathriguppe, Katriguppe, Kathreguppe ಮೂರೂ ಸಿಗುತ್ತವೆ. ಜಯನಗರದವರಿಗೆ ತೀರ ಪರಿಚಿತವಾದ ಒಂದು ಮನೆಯಲ್ಲೇ ಈ ಭೇದ ಇದೆ: ಇನ್ಫೋಸಿಸ್ ಕಟ್ಟಿದ ನಾರಾಯಣ ಮೂರ್ತಿಯವರು Murthy, ಅವರ ಪತ್ನಿ ಸುಧಾ ಮೂರ್ತಿಯವರು Murty. ಮೈಸೂರಿನ ಕಡೆ Lakshmi ಆಗುವ ಹೆಸರು ಬೆಳಗಾವಿಯ ಕಡೆ Laxmi. ಇಲ್ಲಿ Gowda ಆಗುವುದು ಅಲ್ಲಿ Gouda. ಇವರಲ್ಲಿ ಯಾರು ತಪ್ಪು ಬರೆದಿದ್ದಾರೆ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಬರೆದವರು ಯಾವ ಪದ್ಧತಿಯಲ್ಲಿ ಬರೆದರು ಎಂದು ಮಾತ್ರ ಕೇಳಬಹುದು.

ಆಯ್ಕೆಗಳು ಎಷ್ಟು ಬೇಗ ಬೆಳೆಯುತ್ತವೆ ಎಂಬುದಕ್ಕೆ ಶ್ರೀನಿವಾಸಮೂರ್ತಿ ಎಂಬ ಸಾಧಾರಣ ಹೆಸರನ್ನೇ ತೆಗೆದುಕೊಳ್ಳಿ. ಶ್ರೀ ಎಂಬುದಕ್ಕೆ Sri, Shri, Sree, Shree ಎಂಬ ನಾಲ್ಕು ರೂಪ ಚಾಲ್ತಿಯಲ್ಲಿವೆ. ನಿವಾಸ ಎಂಬುದು nivasa ಆಗಬಹುದು, ಕೊನೆಯ ಸ್ವರ ಬಿಟ್ಟು nivas ಆಗಬಹುದು. ಮೂರ್ತಿಗೆ murthy, murthi, murty, murti, moorthy, moorthi. ಎರಡು ಭಾಗವನ್ನು ಸೇರಿಸಿಯೂ ಬರೆಯಬಹುದು, ನಡುವೆ ಜಾಗ ಬಿಟ್ಟೂ ಬರೆಯಬಹುದು. ಗುಣಿಸಿದರೆ ತೊಂಬತ್ತಾರು. ಯಾವುದೂ ಕಲ್ಪಿತ ರೂಪವಲ್ಲ. ಪ್ರತಿಯೊಂದು ತುಂಡೂ ಯಾರದೋ ದಾಖಲೆಯಲ್ಲಿ ಇರುವಂಥದ್ದೇ. ನಡುವಿನ ಆ ಖಾಲಿ ಜಾಗವೇ ಹೆಚ್ಚು ತೊಂದರೆ ಕೊಡುವುದು, ಏಕೆಂದರೆ ಅದನ್ನು ಯಾರೂ ಸ್ಪೆಲಿಂಗ್ ಎಂದು ಎಣಿಸುವುದಿಲ್ಲ. ಜಾಗ ಬಿಟ್ಟರೆ Murthy ಎಂಬುದು ಕೆಲವು ಫಾರಂಗಳಲ್ಲಿ ಕುಲನಾಮವಾಗಿ ಬೇರೆ ಖಾನೆಗೆ ಜಿಗಿಯುತ್ತದೆ, ಮುಂದೆ ಮಗಳಿಗೂ ಅಂಟಿಕೊಳ್ಳುತ್ತದೆ. (ಇನಿಷಿಯಲ್‌ಗಳನ್ನು ಬಿಡಿಸಿ ಬರೆಯುವ ಸಂಕಟ ಬೇರೆಯೇ ಕಥೆ, ಅದನ್ನು ಇಲ್ಲಿ ಎಳೆದು ತರುವುದಿಲ್ಲ.)

ಹಾಗಾದರೆ ಕಚೇರಿಗಳು ‘ತಪ್ಪು’ ಎನ್ನುವುದು ಯಾವುದನ್ನು? ಹಿಂದೆ ಬರೆದದ್ದಕ್ಕೂ ಈಗ ಬರೆದದ್ದಕ್ಕೂ ಹೊಂದದಿರುವುದನ್ನು. ಪಾನ್ ಕಾರ್ಡನ್ನು ಆಧಾರ್‌ಗೆ ಜೋಡಿಸುವಾಗ ಹೆಸರು, ಹುಟ್ಟಿದ ದಿನ, ಲಿಂಗ ಮೂರೂ ಹೊಂದಬೇಕು. ಅಲ್ಲಿ ನಿಮ್ಮ Savitha ಸಂಸ್ಕೃತದ ಸವಿತೃವಿಗೆ ನ್ಯಾಯ ಒದಗಿಸಿದೆಯೇ ಎಂದು ಯಾವ ಯಂತ್ರವೂ ನೋಡುವುದಿಲ್ಲ. ಅದು ನೋಡುವುದು ಈ ಸಾಲು ಆ ಸಾಲಿನಂತೆ ಇದೆಯೇ ಎಂಬುದನ್ನಷ್ಟೇ. ಒಮ್ಮೆ ದಾಖಲೆಗೆ ಬಿದ್ದ ಮೇಲೆ ರೋಮನ್ ರೂಪ ಉಚ್ಚಾರಣೆಯ ಚಿತ್ರವಾಗಿ ಉಳಿಯುವುದಿಲ್ಲ, ಒಂದು ಗುರುತಿನ ಸಂಖ್ಯೆಯಂತೆ ಕೆಲಸ ಮಾಡತೊಡಗುತ್ತದೆ. ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಮುಖ್ಯಮಂತ್ರಿಗಳಾಗಿದ್ದ ಯಡಿಯೂರಪ್ಪನವರದು. Yediyurappa ಎಂದು ಬರೆಯುತ್ತಿದ್ದವರು 2007ರ ಹೊತ್ತಿಗೆ Yeddyurappa ಆದರು, 2019ರ ಜುಲೈನಲ್ಲಿ ಮತ್ತೆ ಅಧಿಕಾರ ಹಿಡಿಯುವಾಗ ಹಳೆಯ ರೂಪಕ್ಕೆ ಮರಳಿದರು. ಎರಡು ಬಾರಿಯೂ ಕನ್ನಡ ಪತ್ರಿಕೆಗಳು ತಮ್ಮ ಬರಹದಲ್ಲಿ ಏನನ್ನೂ ಬದಲಿಸಬೇಕಾಗಲಿಲ್ಲ. ಇಂಗ್ಲಿಷ್ ಪತ್ರಿಕೆಗಳು ಬದಲಿಸಿದವು. ಹೆಸರು ಒಂದಿಷ್ಟೂ ಅಲುಗಾಡದೆ ಅದರ ರೋಮನ್ ಗುರುತು ಎರಡು ಸಲ ಬದಲಾಗಬಹುದು ಎಂದರೆ ಹೆಸರು ಬೇರೆ, ಗುರುತು ಬೇರೆ ಎಂದೇ ಅರ್ಥ. ಇದು ಒಬ್ಬ ಮುಖ್ಯಮಂತ್ರಿಗೆ ಸಲೀಸು. ಬೇರೆಯವರಿಗೆ ಪ್ರತಿ ಬದಲಾವಣೆಯ ಹಿಂದೆ ಅಫಿಡವಿಟ್ಟು, ಪತ್ರಿಕಾ ಪ್ರಕಟಣೆಗಳು ಸಾಲುಗಟ್ಟುತ್ತವೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ರಾಜ್ಯೋತ್ಸವದ ದಿನ, 2014ರ ನವೆಂಬರ್ 1ರಂದು, ಹನ್ನೆರಡು ಊರುಗಳ ರೋಮನ್ ರೂಪವನ್ನು ಸರ್ಕಾರವೇ ತಿದ್ದಿತಲ್ಲವೇ? Bangalore ಹೋಗಿ Bengaluru ಬಂತು, Mysore ಹೋಗಿ Mysuru ಬಂತು. ಅಲ್ಲಿ ಕನ್ನಡದ ಉಚ್ಚಾರಣೆಯೇ ಸರಿ ಎಂದು ತೀರ್ಮಾನವಾಯಿತು. ವ್ಯಕ್ತಿಗಳ ಹೆಸರಿಗೂ ಅದೇ ಅಳತೆಗೋಲು ಏಕಾಗಬಾರದು? ಈ ವಾದದಲ್ಲಿ ಹುರುಳಿದೆ, ಆದರೆ ಅದು ತೋರಿಸುವುದು ವಾದಿಸುವವರು ಅಂದುಕೊಂಡದ್ದನ್ನಲ್ಲ. ಊರಿನ ಹೆಸರು ಬದಲಾದದ್ದು ಒಂದು ಅಧಿಸೂಚನೆಯಿಂದ. ಒಂದೇ ದಿನ ಎಲ್ಲರಿಗೂ ಅನ್ವಯಿಸುವಂತೆ, ಹಳೆಯದೂ ಹೊಸದೂ ಒಂದೇ ಊರು ಎಂಬುದರಲ್ಲಿ ಯಾರಿಗೂ ಸಂಶಯ ಬಾರದಂತೆ. ಅಷ್ಟಾದರೂ ವಿಶ್ವವಿದ್ಯಾಲಯ ಇಂದಿಗೂ Bangalore University. ಊರಿನ ಬೆನ್ನಿಗೆ ಸರ್ಕಾರವಿತ್ತು. ಸವಿತಾ ಎಂಬ ಒಬ್ಬ ಹೆಂಗಸು ತನ್ನ ರೂಪವನ್ನು ‘ಸರಿ’ಪಡಿಸಿಕೊಂಡರೆ ಹಳೆಯ Savita ತಾನೇ ಎಂದು ಪ್ರತಿ ಬ್ಯಾಂಕಿನಲ್ಲಿ, ಪ್ರತಿ ಕೌಂಟರಿನಲ್ಲಿ ಆಕೆಯೇ ಒಬ್ಬಳಾಗಿ ನಿಂತು ಸಾಧಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಪದ್ಧತಿಗಳು ಹಲವು ಇರುವುದೇ ತೊಂದರೆಯಾದರೆ ಒಂದನ್ನು ಕಡ್ಡಾಯ ಮಾಡಿಬಿಡಬಹುದು. ಭಾರತ ಸರ್ಕಾರದ ನಕಾಶೆಗಳಿಗೆ ಹಂಟೇರಿಯನ್ ಪದ್ಧತಿ ಇದೆ. ವಿದ್ವಾಂಸರಿಗೆ 2001ರ ISO 15919 ಎಂಬ ಅಂತರರಾಷ್ಟ್ರೀಯ ಮಾನಕ ಇದೆ, ಅದರಲ್ಲಿ ಕನ್ನಡದ ಎ, ಏ ಭೇದ ಕೂಡ ಉಳಿಯುತ್ತದೆ. ಆದರೆ ಆ ಮಾನಕದ ಶಕ್ತಿಯೆಲ್ಲ ಇರುವುದು ಅಕ್ಷರಗಳ ಮೇಲಿನ ಗೆರೆ, ಕೆಳಗಿನ ಚುಕ್ಕಿಗಳಲ್ಲಿ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲುಗಳಿವೆಯಲ್ಲ, ಅವುಗಳಲ್ಲಿ ಹೆಸರಿಗೆ ಸಿಗುವುದು A ಯಿಂದ Z ಮತ್ತು ಜಾಗ ತುಂಬುವ < ಚಿಹ್ನೆ ಮಾತ್ರ. ಗೆರೆ ಚುಕ್ಕಿ ಕಿತ್ತ ಮಾನಕ ಮತ್ತೆ ತ, ಟಗಳನ್ನು ಒಂದು ಮಾಡುತ್ತದೆ. ಹಂಟೇರಿಯನ್ ಆ ಭೇದಗಳನ್ನು ಮೊದಲೇ ಬಿಟ್ಟಿದೆ. ಇನ್ನೂ ದೊಡ್ಡ ತೊಡಕು ಎಂದರೆ ಈಗಾಗಲೇ ದಾಖಲಾಗಿರುವ ಕೋಟ್ಯಂತರ ಜನ. ದಕ್ಷಿಣ ಕೊರಿಯಾ 2000ದಲ್ಲಿ ಹೊಸ ರೋಮನ್ ಪದ್ಧತಿ ತಂದಾಗ ಊರು, ರಸ್ತೆಗಳ ಹೆಸರನ್ನು ಬದಲಿಸಿತು, ವ್ಯಕ್ತಿಗಳ ಹೆಸರನ್ನು ಮಾತ್ರ ರೂಢಿಗೇ ಬಿಟ್ಟಿತು. ಒಂದೇ ಕೊರಿಯನ್ ಕುಲನಾಮ ಇಂದಿಗೂ Lee, Yi, Rhee ಎಂದೆಲ್ಲ ಬರೆಯಲ್ಪಡುತ್ತದೆ. ಆದರೆ ಪಾಸ್‌ಪೋರ್ಟಿನಲ್ಲಿ ಒಮ್ಮೆ ಬರೆಸಿದ ರೋಮನ್ ರೂಪವನ್ನು ಬದಲಿಸಲು ಅಲ್ಲಿ ಬಿಗಿಯಾದ ನಿರ್ಬಂಧಗಳಿವೆ. ಇದು ನನಗೆ ವಿವೇಕದ ಏರ್ಪಾಡಾಗಿ ಕಾಣುತ್ತದೆ: ಯಾವ ರೂಪ ಎಂಬುದರಲ್ಲಿ ಸಡಿಲ, ಅದೇ ರೂಪ ಎಂಬುದರಲ್ಲಿ ಬಿಗಿ. ಚೀನಾ ಒಂದೇ ಪದ್ಧತಿಯನ್ನು ಹೇರಲು ಸಾಧ್ಯವಾದದ್ದು 1958ರಿಂದಲೂ ಮಕ್ಕಳಿಗೆ ಶಾಲೆಯಲ್ಲೇ ಆ ರೋಮನ್ ಬರಹವನ್ನು ಕಲಿಸಿದ್ದರಿಂದ. ನಮ್ಮಲ್ಲಿ ಕನ್ನಡವನ್ನು ರೋಮನ್ನಿನಲ್ಲಿ ಬರೆಯುವುದನ್ನು ಯಾವ ತರಗತಿಯಲ್ಲೂ ಕಲಿಸಿಲ್ಲ, ಕಲಿಸಬೇಕೆಂದು ನಾನು ಹೇಳುವುದೂ ಇಲ್ಲ.

ಮೂರನೆಯ ಆಕ್ಷೇಪ ಈ ಬಡಾವಣೆಗಳಲ್ಲಿ, ಮನೆಗೊಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಇರುವ ಕಡೆ, ಮೇಲಿಂದ ಮೇಲೆ ಕೇಳಿಬರುವಂಥದ್ದು: ಇಷ್ಟೆಲ್ಲ ತಲೆಬಿಸಿ ಏಕೆ, ಉಚ್ಚಾರಣೆ ಹತ್ತಿರವಿರುವ ಹೆಸರುಗಳನ್ನು ಕಂಪ್ಯೂಟರೇ ಹೊಂದಿಸಿಕೊಳ್ಳುತ್ತದೆ. ಹೊಂದಿಸುವ ವಿಧಾನಗಳು ಇರುವುದು ನಿಜ. ಎಲ್ಲಕ್ಕಿಂತ ಹಳೆಯದಾದ ಸೌಂಡೆಕ್ಸ್‌ಗೆ 1918ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಅದು ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳನ್ನು ಅಂಕಿಗಳಾಗಿ ಮಾಡುತ್ತದೆ. ನಮ್ಮ ಹೆಸರುಗಳ ಮೇಲೆ ಅದನ್ನು ಹಾಯಿಸಿ ನೋಡಿ. Lakshmi ಮತ್ತು Laxmi ಎರಡಕ್ಕೂ L250 ಬರುತ್ತದೆ. Savitha, Savita ಎರಡಕ್ಕೂ S130. Murthy, Murti, Moorthy ಮೂರಕ್ಕೂ M630. ಭಲೇ ಎನ್ನುವಷ್ಟರಲ್ಲಿ ಜ್ಞಾನೇಶ್ ಬರುತ್ತಾನೆ. ಕನ್ನಡಿಗರ ಬಾಯಲ್ಲಿ ಆತ Gnanesh, ಅಕ್ಷರಕ್ಕೆ ನಿಷ್ಠರಾದವರ ಕೈಯಲ್ಲಿ Jnanesh. ಒಬ್ಬ G552, ಇನ್ನೊಬ್ಬ J552, ಇಬ್ಬರೂ ಬೇರೆ ಬೇರೆ. ಅತ್ತ Rama ಮತ್ತು Rani ಇಬ್ಬರೂ R500, ಯಂತ್ರಕ್ಕೆ ಒಬ್ಬರೇ! ಇಂದಿನ ವಿಧಾನಗಳು ಇದಕ್ಕಿಂತ ಜಾಣ, ಆದರೆ ತೊಡಕಿನ ಸ್ವರೂಪ ಬದಲಾಗಿಲ್ಲ. ಜರಡಿಯ ಕಣ್ಣು ದೊಡ್ಡದಾದರೆ ಬೇರೆಯವರು ಒಂದಾಗುತ್ತಾರೆ, ಸಣ್ಣದಾದರೆ ಒಬ್ಬರೇ ಇಬ್ಬರಾಗುತ್ತಾರೆ. ಹಣ, ಆಸ್ತಿ, ಗಡಿ ದಾಟುವಿಕೆ ನೋಡಿಕೊಳ್ಳುವವರು ಸಣ್ಣ ಕಣ್ಣಿನದನ್ನೇ ಹಿಡಿಯುತ್ತಾರೆ, ಹಿಡಿಯಲೂಬೇಕು.

ಆದ್ದರಿಂದ ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ ‘ಸರಿಯಾದ ಸ್ಪೆಲಿಂಗ್ ಯಾವುದು’ ಎಂಬುದಲ್ಲ, ‘ಹಿಂದಿನ ದಾಖಲೆಯಲ್ಲಿ ಹೇಗಿದೆ, ತೋರಿಸಿ’ ಎಂಬುದು. ಇದನ್ನು ಕೇಳುವ ಹೊಣೆ ಬರೆಯುವವರ ಮೇಲಿದೆ ಎಂಬುದೂ ಇದರಿಂದಲೇ ಹೊರಡುತ್ತದೆ. ತನಗೆ ಗೊತ್ತು ಎಂದುಕೊಂಡು ಟೈಪು ಮಾಡಿದ ಕೈಗೆ ಅದರ ಬೆಲೆ ತೆರುವ ಪ್ರಸಂಗ ಬರುವುದಿಲ್ಲ, ಹೆಸರಿನವರು ತೆರುತ್ತಾರೆ. ಹಿಂದಿನ ದಾಖಲೆ ಇದ್ದರೆ ನೋಡಿಕೊಂಡು ನಕಲು ಮಾಡುವುದಷ್ಟೇ ಕೆಲಸ: ಅಕ್ಷರ, ಜಾಗ, ಚುಕ್ಕಿ ಎಲ್ಲವನ್ನೂ. ಅಲ್ಲಿ ಭಾಷಾಜ್ಞಾನ ಉಪಯೋಗಕ್ಕೆ ಬರುವುದಿಲ್ಲ, ಕೆಲವೊಮ್ಮೆ ಅದೇ ಅಡ್ಡಿ. ನಿಜವಾದ ಆಯ್ಕೆ ಇರುವುದು ಒಂದೇ ಸಂದರ್ಭದಲ್ಲಿ, ಹಿಂದೆ ಯಾವ ದಾಖಲೆಯೂ ಇಲ್ಲದಾಗ. ಅಂದರೆ ಈಗ ತಾನೇ ಹುಟ್ಟಿದ ಮಗುವಿನ ವಿಷಯದಲ್ಲಿ.

ಜೆ.ಪಿ. ನಗರದ ಒಂದು ಕುಟುಂಬ ಮಗಳಿಗೆ ಧೃತಿ ಎಂದು ಹೆಸರಿಟ್ಟಿದೆ ಎಂದಿಟ್ಟುಕೊಳ್ಳೋಣ. ಜನನವನ್ನು ಇಪ್ಪತ್ತೊಂದು ದಿನದೊಳಗೆ ತಿಳಿಸಬೇಕು. ಆಸ್ಪತ್ರೆ ಆ ಕೆಲಸ ಮಾಡುತ್ತದೆ, ಸಾಮಾನ್ಯವಾಗಿ ಹೆಸರಿಲ್ಲದೆಯೇ. ಹೆಸರನ್ನು ಆಮೇಲೆ ಸೇರಿಸಬಹುದು, ಹನ್ನೆರಡು ತಿಂಗಳ ತನಕ ಶುಲ್ಕವಿಲ್ಲ. ಯೋಚಿಸಲು ಕಾನೂನೇ ಒಂದು ವರ್ಷ ಕೊಟ್ಟಿದೆ, ನಾವು ಆ ಯೋಚನೆಯನ್ನು ಫಾರಂ ತುಂಬುವ ಅರ್ಧ ನಿಮಿಷಕ್ಕೆ ಇಳಿಸುತ್ತೇವೆ. 2023ರ ಅಕ್ಟೋಬರ್ 1ರಂದು ಅಥವಾ ಆನಂತರ ಹುಟ್ಟಿದವರಿಗೆ ಪಾಸ್‌ಪೋರ್ಟಿನಲ್ಲಿ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಏಕೈಕ ಪುರಾವೆ ಆಗಿರುವುದರಿಂದ ಈ ಮೊದಲ ಬರಹದ ತೂಕ ಹಿಂದಿಗಿಂತ ಹೆಚ್ಚಾಗಿದೆ. ಧೃತಿಗೆ ನಾಲ್ಕು ರೂಪ ಸುಲಭವಾಗಿ ಸಿಗುತ್ತವೆ: Dhriti, Dhrithi, Dhruti, Dhruthi. ಋಕಾರವನ್ನು ನಾವು ರು ಎನ್ನುತ್ತೇವೆ, ಉತ್ತರದವರು ರಿ ಎನ್ನುತ್ತಾರೆ. ತಕಾರದ ಜಗಳ ಆಗಲೇ ನೋಡಿದೆವು. ಇವುಗಳಲ್ಲಿ ಆರಿಸುವಾಗ ತೂಗಿ ನೋಡಬೇಕಾದ್ದು ನನ್ನ ಪ್ರಕಾರ ಈ ಕ್ರಮದಲ್ಲಿ:

1. ರೂಪ ಮರಳಿ ಕನ್ನಡಕ್ಕೆ ಬರುತ್ತದೆಯೇ? ಹೆಸರು ಗೊತ್ತಿಲ್ಲದ ಇಬ್ಬರು ಮೂವರಿಗೆ ರೋಮನ್ ರೂಪ ಮಾತ್ರ ತೋರಿಸಿ, ಕನ್ನಡದಲ್ಲಿ ಬರೆಯಿರಿ ಎನ್ನಬೇಕು. Dhruthi ನೋಡಿದ ಬೆಂಗಳೂರಿನವರು ಧೃತಿ ಅಥವಾ ಧ್ರುತಿ ಎಂದು ಬರೆಯುತ್ತಾರೆ, ಓದಿದರೆ ಎರಡೂ ಒಂದೇ. Dhriti ನೋಡಿದವರು ಧ್ರಿತಿ ಎಂದೋ ಧ್ರಿಟಿ ಎಂದೋ ಓದುವ ಸಾಧ್ಯತೆ ಹೆಚ್ಚು.

2. ಮಗು ಬೆಳೆಯುವ ಕಡೆ ಯಾವ ಪದ್ಧತಿ ಹೆಚ್ಚು? ಬಿಟಿಎಂನಲ್ಲಿ ತರಗತಿಯ ಅರ್ಧ ಮಕ್ಕಳ ಮನೆಮಾತು ಹಿಂದಿಯೋ ಬಂಗಾಳಿಯೋ ಆಗಿರಬಹುದು. ಅವರಿಗೆ Dhruthi ಧ್ರುಥಿ ಆಗುತ್ತದೆ. ಅದು ಸಹಿಸಬಹುದಾದ ನಷ್ಟವೇ ಎಂದು ತಂದೆ ತಾಯಿ ನಿರ್ಧರಿಸಬೇಕು.

3. ಫೋನಿನಲ್ಲಿ ಹೇಳಿದರೆ ಕೇಳಿದವರು ಊಹಿಸುವ ರೂಪ ಯಾವುದು? ಎಲ್ಲರೂ ಮೊದಲು ಊಹಿಸುವ ರೂಪವೇ ನಮ್ಮದಾಗಿದ್ದರೆ ಜೀವನವಿಡೀ ತಿದ್ದುವ ಕೆಲಸ ಕಡಿಮೆ.

ಮೂರು ಅಂಶಗಳು ಒಂದೇ ಕಡೆ ಬೆರಳು ತೋರಿಸುತ್ತವೆ ಎಂಬ ಖಾತರಿಯಿಲ್ಲ. ಧೃತಿಯ ವಿಷಯದಲ್ಲಿ ನಾನಾದರೆ Dhruthi ಎನ್ನುತ್ತೇನೆ, ಇನ್ನೊಬ್ಬರು Dhriti ಎಂದರೆ ಅದನ್ನು ತಪ್ಪೆನ್ನಲಾರೆ. ಆರಿಸಿದ ಮೇಲೆ ಅದನ್ನು ದೊಡ್ಡಕ್ಷರಗಳಲ್ಲಿ ಒಂದು ಚೀಟಿಯಲ್ಲಿ ಬರೆದು, ಮನೆಯವರೆಲ್ಲರ ಫೋನಿನಲ್ಲೂ ಇರಿಸುವುದು ಆರಿಸಿದ್ದಕ್ಕಿಂತ ಮುಖ್ಯ. ಎರಡನೇ ಫಾರಂ ತುಂಬುವವರು ಅಜ್ಜನೋ ಚಿಕ್ಕಪ್ಪನೋ ಆಗಿರುತ್ತಾರೆ.

ಈ ಉತ್ಸಾಹದಲ್ಲಿ ಹೆಚ್ಚಿನವರು ಮರೆಯುವ ಒಂದು ಸಂಗತಿಯಿದೆ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಷ್ಟೇ ಇರುವುದಿಲ್ಲ, ತಂದೆ ತಾಯಿಯ ಹೆಸರೂ ಇರುತ್ತದೆ, ಮತ್ತು ಅದನ್ನು ತುಂಬುವುದು ಹೆರಿಗೆಯ ಗಡಿಬಿಡಿಯಲ್ಲಿ. ತಾಯಿ ತನ್ನ ಆಧಾರ್‌ನಲ್ಲಿ Savita, ಆಸ್ಪತ್ರೆಯ ರಿಜಿಸ್ಟರಿನಲ್ಲಿ Savitha ಆದರೆ, ಐದು ವರ್ಷದ ನಂತರ ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮಗುವಿನ ಅರ್ಜಿಯೊಂದಿಗೆ ತಾಯಿಯ ಪಾಸ್‌ಪೋರ್ಟ್ ಇಟ್ಟಾಗ ಪ್ರಶ್ನೆ ಏಳುವುದು ಧೃತಿಯ ಬಗ್ಗೆ ಅಲ್ಲ, ಸವಿತಾ ಬಗ್ಗೆ. ಮಗುವಿನ ಹೆಸರಿಗೆ ತಿಂಗಳುಗಟ್ಟಲೆ ಯೋಚಿಸಿದವರು ತಮ್ಮದನ್ನು ಬಾಯಲ್ಲಿ ಹೇಳಿ ಬಂದಿರುತ್ತಾರೆ. ತಮ್ಮ ಗುರುತಿನ ಚೀಟಿಯ ನಕಲನ್ನೇ ಆಸ್ಪತ್ರೆಯ ಫಾರಂಗೆ ಲಗತ್ತಿಸಿ, ನೋಡಿಕೊಂಡು ಬರೆಯಿರಿ ಎನ್ನುವುದು ಇದನ್ನು ತಪ್ಪಿಸುವ ಒಂದೇ ಉಪಾಯ.

ಇನ್ನು ಕನ್ನಡ ರೂಪದ ಮಾತು. ‘ರೋಮನ್ನಿಗೆ ಇಷ್ಟು ಬೆಲೆ ಕೊಟ್ಟರೆ ಕನ್ನಡವನ್ನು ಎರಡನೆಯ ಸಾಲಿಗೆ ತಳ್ಳಿದಂತಲ್ಲವೇ’ ಎಂದು ಕೇಳುವವರಿದ್ದಾರೆ. ತಳ್ಳಿರುವುದು ನಿಜ, ಆದರೆ ತಳ್ಳಿದ್ದು ‘ಸರಿಯಾದ ಸ್ಪೆಲಿಂಗ್’ ಎಂಬ ಅದೇ ನಂಬಿಕೆ. ಆಧಾರ್‌ನಲ್ಲಿ ಹೆಸರು ಎರಡೂ ಲಿಪಿಗಳಲ್ಲಿ ಇರುತ್ತದೆ. ನೋಂದಣಿಯಲ್ಲಿ ರೋಮನ್ ರೂಪವನ್ನು ಒತ್ತಿದಾಗ ತಂತ್ರಾಂಶವೇ ಕನ್ನಡ ರೂಪವನ್ನು ಮುಂದಿಡುತ್ತದೆ. ಅದು ಒಂದೊಂದು ರೋಮನ್ ರೂಪಕ್ಕೂ ಒಂದೇ ಕನ್ನಡ ರೂಪ ಇದೆ ಎಂದುಕೊಂಡು ಹಿಂದಕ್ಕೆ ನಡೆಯುತ್ತದೆ. ಹಾಗಾಗಿಯೇ Latha ಲಥಾ ಆಗುವುದು, Savitha ಸವಿಥಾ ಆಗುವುದು. ಹುಟ್ಟಿನಿಂದ ಕನ್ನಡದಲ್ಲಿದ್ದ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಅಪರಿಚಿತನಾಗಿ ಮನೆಗೆ ಮರಳುತ್ತದೆ. ಪರದೆಯ ಮೇಲೆ ಆ ಕನ್ನಡ ಸಾಲನ್ನು ಕೈಯಾರೆ ತಿದ್ದಲು ಬರುತ್ತದೆ, ಅಂತಿಮಗೊಳಿಸುವ ಮುನ್ನ ನೋಡಿ ಹೇಳಬೇಕಷ್ಟೇ. ನಮ್ಮವರು ಇಂಗ್ಲಿಷ್ ಸಾಲನ್ನು ಮಾತ್ರ ಓದಿ ಸರಿ ಎಂದುಬಿಡುತ್ತಾರೆ. ಕನ್ನಡದ ಸಾಲಿನಲ್ಲಿ ನಿಜವಾಗಿಯೂ ಸರಿ, ತಪ್ಪು ಇದೆ. ರೋಮನ್ ಸಾಲಿನಲ್ಲಿ ಹೊಂದಿಕೆ ಮಾತ್ರ ಇದೆ. ನಾವು ಮಾಡುತ್ತಿರುವುದು ತಿರುವುಮುರುವು: ರೋಮನ್ನಿನಲ್ಲಿ ಶುದ್ಧಿ ಹುಡುಕುತ್ತೇವೆ, ಕನ್ನಡದಲ್ಲಿ ಹೇಗಿದ್ದರೂ ನಡೆಯುತ್ತದೆ ಎನ್ನುತ್ತೇವೆ.

ಕನ್ನಡದಲ್ಲಿ ಮೊದಲು ಕೇಳುವುದರಿಂದ ಇನ್ನೊಂದು ಗಂಟೂ ಸಡಿಲವಾಗುತ್ತದೆ. ಗಂಡಸರ ಹೆಸರಿನ ಕೊನೆಯ ಸ್ವರ ಈಚಿನ ತಲೆಮಾರಿನಲ್ಲಿ ಉದುರುತ್ತಿದೆ. Manjunatha, Manjunath ಎಂಬ ಭೇದ ಸ್ಪೆಲಿಂಗಿನದಲ್ಲ. ಮಂಜುನಾಥ, ಮಂಜುನಾಥ್ ಎಂದು ಕನ್ನಡದಲ್ಲೇ ಎರಡಾಗಿರುವಂಥದ್ದು. ಕೃಷ್ಣ ಎಂಬ ಹುಡುಗ, ಕೃಷ್ಣಾ ಎಂಬ ಹುಡುಗಿ ಇಬ್ಬರೂ Krishna ಆಗುವುದು ಸವಿತಾ ಪ್ರಸಂಗದ ಉಲ್ಟಾ: ಕನ್ನಡದಲ್ಲಿ ಎರಡು, ರೋಮನ್ನಿನಲ್ಲಿ ಒಂದು. ರೋಮನ್ನಿನಿಂದ ಆರಂಭಿಸಿದರೆ ಈ ಮೂರು ಬಗೆಯ ಭೇದಗಳು ಕಲಸಿಹೋಗುತ್ತವೆ.

ನಕಲು ಮಾಡು ಎಂಬ ನಿಯಮಕ್ಕೆ ಮಿತಿಯಿಲ್ಲವೇ? ಇದೆ. ಮೊದಲ ದಾಖಲೆಯಲ್ಲೇ ಟೈಪಿಂಗ್ ದೋಷವಿದ್ದರೆ, Savitha ಎಂಬುದು Svaitha ಆಗಿದ್ದರೆ, ಅದನ್ನು ಜೀವಮಾನವಿಡೀ ಹೊತ್ತು ತಿರುಗಬೇಕಾಗಿಲ್ಲ. ದೋಷ ಯಾವುದು, ಭೇದ ಯಾವುದು ಎಂದು ತಿಳಿಯುವುದಕ್ಕೆ ಒಂದು ಪರೀಕ್ಷೆ ಸಾಕು: ಚಾಲ್ತಿಯಲ್ಲಿರುವ ಯಾವುದಾದರೂ ಪದ್ಧತಿಯಲ್ಲಿ ಅದನ್ನು ಆ ಹೆಸರಾಗಿ ಓದಲು ಬರುತ್ತದೆಯೇ? ಬರುವುದಾದರೆ ಅದು ಭೇದ, ಮುಟ್ಟಬಾರದು. ಭೈರಪ್ಪ ಎಂಬುದು Bhyrappa ಎಂದಿರುವುದು ಕಣ್ಣಿಗೆ ವಿಚಿತ್ರ ಅನ್ನಿಸಬಹುದು. Y ಯನ್ನು ಐಕಾರಕ್ಕೆ ಬಳಸುವ ರೂಢಿ Byrasandra ದಿಂದ Byre Gowda ತನಕ ನಮ್ಮಲ್ಲಿ ಹಬ್ಬಿದೆ, ಆದ್ದರಿಂದ ಅದು ದೋಷವಲ್ಲ. ಯಾವ ಪದ್ಧತಿಯಲ್ಲೂ ಓದಲು ಬಾರದಿದ್ದರೆ ದೋಷ. ತಿದ್ದಬೇಕು, ಅದೂ ಶಾಲೆಯ ಪ್ರವೇಶ ಪುಸ್ತಕಕ್ಕೆ ಏರುವ ಮೊದಲು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮುಂಚೆ ಶಾಲೆಗಳಲ್ಲಿ ವಿವರಗಳನ್ನು ಸರಿನೋಡಲು ಕೊಡುವ ಅವಕಾಶ ಕೊನೆಯ ಅಗ್ಗದ ಅವಕಾಶ. ಅಂಕಪಟ್ಟಿ ಅಚ್ಚಾದ ಮೇಲೆ ಖರ್ಚೂ ಓಡಾಟವೂ ಬೇರೆಯೇ ಮಟ್ಟದವು.

ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಒಂದು a ಯನ್ನೋ h ಅನ್ನೋ ಹೆಚ್ಚಿಗೆ ಸೇರಿಸುವವರ ಬಗ್ಗೆ ಹೆಚ್ಚು ಬರೆಯುವ ಆಸೆ ನನಗಿಲ್ಲ. ಹುಟ್ಟಿದ ಮಗುವಿಗೆ ಮೊದಲ ದಾಖಲೆಯಲ್ಲೇ ಹಾಗೆ ಮಾಡಿದರೆ ಯಾರಿಗೂ ಹಾನಿಯಿಲ್ಲ, ಪ್ರತಿ ಸಲ ಅಕ್ಷರ ಬಿಡಿಸಿ ಹೇಳುವ ಕಷ್ಟ ಆ ಮಗುವಿಗೆ ಬಿಟ್ಟರೆ. ಮೂವತ್ತು ದಾಟಿದ ಮೇಲೆ ಮಾಡಿದರೆ ಅದೃಷ್ಟ ತೆರೆಯುವ ಮೊದಲು ಕಚೇರಿಗಳ ಬಾಗಿಲು ಮುಚ್ಚುತ್ತವೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಇಡೀ ಜೀವನದಲ್ಲಿ ಎರಡೇ ಅವಕಾಶ.

ಅತ್ಯಂತ ಕಷ್ಟದ ಪ್ರಸಂಗ ಎರಡು ರೂಪಗಳು ಎರಡು ಕಡೆ ಆಳವಾಗಿ ಬೇರೂರಿದಾಗಿನದು. ಅಂಕಪಟ್ಟಿ, ಪದವಿ, ಕೆಲಸ ಒಂದು ರೂಪದಲ್ಲಿ. ಆಧಾರ್, ಬ್ಯಾಂಕು ಇನ್ನೊಂದರಲ್ಲಿ. ಯಾವುದು ‘ಸರಿ’ ಎಂದು ಕೇಳುತ್ತ ಕುಳಿತರೆ ದಾರಿ ಕಾಣುವುದಿಲ್ಲ. ಯಾವುದನ್ನು ಅಲುಗಾಡಿಸುವುದು ಸುಲಭ ಎಂದು ಕೇಳಿದರೆ ಕಾಣುತ್ತದೆ: ಅಂಕಪಟ್ಟಿಯನ್ನು ಕಂಬವಾಗಿ ಇಟ್ಟುಕೊಂಡು ಆಧಾರ್, ಅದರ ಹಿಂದೆ ಪಾನ್, ಅದರ ಹಿಂದೆ ಬ್ಯಾಂಕು ಹೀಗೆ ಒಂದೊಂದನ್ನೇ ಅದರತ್ತ ಸರಿಸಬೇಕು. ಬದುಕಿರುವವರಿಗೆ ಇದು ಸಾಧ್ಯ. ತೀರಿಕೊಂಡವರಿಗೆ ಸಾಧ್ಯವಿಲ್ಲ. ಬನಶಂಕರಿಯ ನಿವೇಶನ Sreenivasa Murthy ಹೆಸರಿನಲ್ಲಿದ್ದು ಮರಣ ಪ್ರಮಾಣಪತ್ರ Srinivasamurthy ಎಂದಿದ್ದರೆ, ಇಬ್ಬರೂ ಒಬ್ಬರೇ ಎಂದು ಮಕ್ಕಳು ವಂಶವೃಕ್ಷ, ಅಫಿಡವಿಟ್ಟು ಹಿಡಿದು ಸಾಧಿಸಬೇಕಾಗುತ್ತದೆ, ಪತ್ರಕ್ಕೆ ಸಹಿ ಹಾಕಿದವರು ಬಂದು ಹೇಳುವಂತಿಲ್ಲ. ಆದರೆ ಆ ನಿವೇಶನದ ಕ್ರಯಪತ್ರ ಕನ್ನಡದಲ್ಲಿ ಬರೆದದ್ದಾಗಿದ್ದು, ಮರಣ ಪ್ರಮಾಣಪತ್ರದ ಕನ್ನಡ ಸಾಲನ್ನೂ ಯಾರೋ ನೋಡಿ ಬರೆಸಿದ್ದರೆ, ಎರಡರಲ್ಲೂ ಇರುವುದು ಶ್ರೀನಿವಾಸಮೂರ್ತಿ ಎಂದೇ. ಮಕ್ಕಳು ಮೊದಲು ಮುಂದಿಡಬೇಕಾದ ಕಾಗದಗಳು ಅವು.